ಒಂದು ಕೋಟಿ ವ್ಯೂಸ್ ಆಯ್ತು, ದುಡ್ಡು ಎಲ್ಲಿ?

ಕಳೆದ ವರ್ಷ, 2025ರ ಜೂನ್ 18ರ ಮಧ್ಯಾಹ್ನ. ಹೊನ್ನಾವರ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಕೂತಿದ್ದೆವು. ಹೊರಗೆ ಮಳೆ ಜಡಿಯುತ್ತಿತ್ತು. ಕಾಸರಕೋಡ ಟೊಂಕದ ಕಡೆಯ ಒಬ್ಬ ಹುಡುಗ ಕೊಡೆ ಮಡಚಿ ಒಳಗೆ ಬಂದ. ಅವನ ಅಪ್ಪ ಬೋಟಿನ ತಂಡೇಲ. ಹುಡುಗನಿಗೆ ಇಪ್ಪತ್ತು ವರ್ಷ, ಡಿಗ್ರಿ ಎರಡನೇ ವರ್ಷ. ಅವನು ಬಲೆ ಎಳೆಯುವ ವಿಡಿಯೋ ಹಾಕಿದ್ದು ನಮಗೂ ಗೊತ್ತಿತ್ತು. ಊರಲ್ಲಿ ಎಲ್ಲರೂ ನೋಡಿದ್ದರು.

"ಅಣ್ಣ, ಒಂದು ಕೋಟಿ ದಾಟ್ತು. ಆದ್ರೂ ಅಪ್ಲೈ ಮಾಡುವ ಬಟನ್ ಬರ್ಲಿಲ್ಲ. ಎಂತಕ್ಕೆ?" ಅಂದ.

ಹಿಂದೆಯೇ ಅವನ ಅಪ್ಪನೂ ಬಂದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಅವರಿಗೂ ಕೆಲಸವಿಲ್ಲ. "ನೀವು ಪೇಪರಿನವ್ರು, ನಿಮಗೆ ಗೊತ್ತಿರ್ತದೆ. ಇವ್ನು ಸೊಸೈಟಿಯಲ್ಲಿ ಅರವತ್ತು ಸಾವಿರ ಸಾಲ ತೆಗೆಯುವಾ ಅಂತಿದ್ದಾನೆ. ಹೊಸ ಫೋನ್, ಮೈಕು. ಯೂಟ್ಯೂಬಿನ ದುಡ್ಡಲ್ಲೇ ಕಂತು ಕಟ್ತೇನೆ ಅಂತಾನೆ. ಜಾಮೀನಿಗೆ ನನ್ನ ಸಹಿ ಬೇಕಂತೆ. ಹಾಕೂದಾ ಬೇಡ್ವಾ?"

ಭಟ್ಕಳದ ಒಬ್ಬ, ಹೊನ್ನಾವರದ ಒಬ್ಬ, ಕುಮಟಾದ ಒಬ್ಬಳು, ಹೀಗೆ ನಾವು ಮೂವರು ಸ್ಟ್ರಿಂಗರ್‌ಗಳು. ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಎಂದು ಬರುವ ಹಣದಲ್ಲಿ ಬದುಕುವವರು. ಯೂಟ್ಯೂಬಿನಿಂದ ಹಣ ಬರುತ್ತದೆ ಎಂಬ ಆಸೆ ನಮಗೂ ಹುಟ್ಟಿತ್ತು, ಕೈ ಸುಟ್ಟುಕೊಂಡೂ ಆಗಿತ್ತು. ಅದಕ್ಕೇ ಆ ದಿನ ಹುಡುಗನ ಫೋನ್ ತೆಗೆದುಕೊಂಡು ಲೆಕ್ಕಕ್ಕೆ ಕೂತೆವು. ಎರಡು ಗಂಟೆ ಹಿಡಿಯಿತು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮೂರೂ ತಾಲೂಕುಗಳಲ್ಲಿ ಇದೇ ಪ್ರಶ್ನೆ ಕೇಳುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ.

ಮೊದಲು ನಮ್ಮ ತಪ್ಪು

2023ರಲ್ಲಿ ನಾವು ಮೂವರೂ ಸೇರಿ ಒಂದು ಚಾನೆಲ್ ಮಾಡಿದ್ದೆವು. ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸರು, ಭಟ್ಕಳದ ಮಲ್ಲಿಗೆ, ಶರಾವತಿ ಸೇತುವೆಯ ಮೇಲಿನ ಟ್ರಾಫಿಕ್, ಹೀಗೆ ಒಂದು ನಿಮಿಷದೊಳಗಿನ ಉದ್ದುದ್ದ ವಿಡಿಯೋ, ಅಂದರೆ ಶಾರ್ಟ್ಸ್. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ 4,000 ಗಂಟೆ ಜನ ನೋಡಿರಬೇಕು ಎಂದು ಕೇಳಿದ್ದೆವು. ಅನಾಲಿಟಿಕ್ಸ್ ತೆರೆದರೆ ನೋಡಿದ ಸಮಯ 4,600 ಗಂಟೆ ತೋರಿಸುತ್ತಿತ್ತು. ಗೆದ್ದೆವು ಅಂದುಕೊಂಡು ಕಂತಿನಲ್ಲಿ ಒಂದು ಮೈಕ್ ತೆಗೆದುಕೊಂಡೆವು.

ಆಮೇಲೆ ಅರ್ಜಿ ಹಾಕಲು ಹೋದರೆ, ಬೇರೊಂದು ಪುಟದಲ್ಲಿ ನಮ್ಮ ಗಂಟೆ ಬರೀ 310 ಎಂದಿತ್ತು. ಯೂಟ್ಯೂಬ್ ತಪ್ಪು ಎಣಿಸಿದೆ ಎಂದೇ ನಾವು ಜಗಳಕ್ಕೆ ನಿಂತೆವು. ತಪ್ಪು ನಮ್ಮದೇ. ಬೆರಳಲ್ಲಿ ಮೇಲೆ ಸರಿಸುತ್ತ ಹೋಗುವ ಶಾರ್ಟ್ಸ್ ಸಾಲಿನಲ್ಲಿ ಜನ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದೇ ಇಲ್ಲ. ಆ ಗಂಟೆಯ ದಾರಿ ಉದ್ದದ ವಿಡಿಯೋ ಮಾಡುವವರಿಗೆ. ಶಾರ್ಟ್ಸ್ ಮಾಡುವವರಿಗೆ ಬೇರೆಯೇ ದಾರಿ ಇದೆ, ಅಲ್ಲಿ ಗಂಟೆ ಎಣಿಸುವುದಿಲ್ಲ, ವ್ಯೂಸ್ ಎಣಿಸುತ್ತಾರೆ. ಮೈಕಿನ ಕಂತನ್ನು ನಾವು ಮೂವರೂ ಎಂಟು ತಿಂಗಳು ಸುದ್ದಿಯ ದುಡ್ಡಿನಲ್ಲಿ ಕಟ್ಟಿದೆವು.

ಶಾರ್ಟ್ಸ್‌ನ ದಾರಿ ಹೀಗಿದೆ. 1,000 ಸಬ್‌ಸ್ಕ್ರೈಬರ್ ಇರಬೇಕು, ಮತ್ತು ಕಳೆದ 90 ದಿನಗಳಲ್ಲಿ ನಿಮ್ಮ ಸಾರ್ವಜನಿಕ ಶಾರ್ಟ್ಸ್‌ಗಳಿಗೆ 1 ಕೋಟಿ ಸಿಂಧುವಾದ ವ್ಯೂಸ್ ಬಂದಿರಬೇಕು. 2023ರ ಫೆಬ್ರವರಿಯಿಂದ ಶಾರ್ಟ್ಸ್‌ಗೂ ಜಾಹೀರಾತಿನ ಪಾಲು ಕೊಡುತ್ತಿದ್ದಾರೆ. ನಿಯಮ ಅಷ್ಟೇ, ಒಂದು ಸಾಲು. ಆದರೆ ಆ ಸಾಲಿನ ಒಂದೊಂದು ಶಬ್ದವೂ ಹುಡುಗನ ಕೋಟಿಯಿಂದ ಒಂದಷ್ಟು ಲಕ್ಷ ತಿಂದುಹಾಕಿತ್ತು.

ಎಲ್ಲಿ ನೋಡಬೇಕು

"ಒಂದು ಕೋಟಿ ಎಲ್ಲಿ ನೋಡಿದೆ?" ಎಂದು ಹುಡುಗನಿಗೆ ಕೇಳಿದೆವು.

ಅವನು ಯೂಟ್ಯೂಬ್ ತೆರೆದು, ತನ್ನ ಚಾನೆಲ್‌ಗೆ ಹೋಗಿ, ಪ್ರತಿ ವಿಡಿಯೋದ ಮೇಲೆ ಕಾಣುವ ಅಂಕಿಗಳನ್ನು ಒಂದೊಂದಾಗಿ ಕೂಡಿಸಿದ್ದ. ಅಪ್ಪ ಮೀನಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು ಬಂದಿದ್ದ. 1 ಕೋಟಿ 8 ಲಕ್ಷ. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ.

ಆದರೆ ಆ ಅಂಕಿ ನೋಡುವವರಿಗಾಗಿ ಹಾಕಿದ್ದು, ಅರ್ಹತೆಯ ಲೆಕ್ಕ ಅಲ್ಲಿಲ್ಲ. ಅದಕ್ಕೆ ಇನ್ನೊಂದು ಆ್ಯಪ್ ಬೇಕು. ಹೆಸರು YouTube Studio. ವಿಡಿಯೋ ನೋಡುವ ಆ್ಯಪ್ ಬೇರೆ, ಇದು ಬೇರೆ. ಇದನ್ನು ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಬೇಕು. ತೆರೆದಾಗ ಕೆಳಗೆ ಸಾಲಾಗಿ ಗುರುತುಗಳು ಕಾಣುತ್ತವೆ, ಅದರಲ್ಲಿ Earn ಎಂದು ಹಣದ ಗುರುತು ಇರುವುದನ್ನು ಒತ್ತಬೇಕು. ಆ್ಯಪ್ ಇಲ್ಲದವರು ಕಂಪ್ಯೂಟರಿನಲ್ಲಿ studio.youtube.com ತೆರೆದರೆ ಎಡಗಡೆಯ ಪಟ್ಟಿಯಲ್ಲಿ ಅದೇ Earn ಸಿಗುತ್ತದೆ.

ಅಲ್ಲಿ ಎರಡು ಮೂರು ಉದ್ದ ಗೆರೆಗಳಿರುತ್ತವೆ. ಒಂದು ಸಬ್‌ಸ್ಕ್ರೈಬರ್‌ಗೆ, ಒಂದು ನೋಡಿದ ಗಂಟೆಗಳಿಗೆ, ಒಂದು ಶಾರ್ಟ್ಸ್ ವ್ಯೂಸ್‌ಗೆ. ಎಷ್ಟು ಬೇಕು, ಎಷ್ಟು ಆಗಿದೆ ಎಂದು ಗೆರೆ ತುಂಬುತ್ತ ಬರುತ್ತದೆ. ಗಂಟೆ ಮತ್ತು ವ್ಯೂಸ್ ಎರಡರಲ್ಲಿ ಒಂದು ತುಂಬಿದರೆ ಸಾಕು. ಅರ್ಜಿಯ ಬಟನ್ ಜೀವ ಪಡೆಯುವುದು ಈ ಗೆರೆ ನೋಡಿ. ಚಾನೆಲಿನ ಮೇಲೆ ಕಾಣುವ ಅಂಕಿಗೂ ಅದಕ್ಕೂ ಸಂಬಂಧವಿಲ್ಲ.

ಹುಡುಗ Studio ಹಾಕಿಕೊಂಡಿದ್ದ, ಆದರೆ ಅದರಲ್ಲಿ ಅನಾಲಿಟಿಕ್ಸ್ ಮಾತ್ರ ನೋಡುತ್ತಿದ್ದ. ನಾವು Earn ಒತ್ತಿದೆವು. ಸಬ್‌ಸ್ಕ್ರೈಬರ್ 2,300. ಆ ಗೆರೆ ತುಂಬಿತ್ತು. ಶಾರ್ಟ್ಸ್ ವ್ಯೂಸ್ 46 ಲಕ್ಷ. ಗೆರೆ ಅರ್ಧವೂ ಮುಟ್ಟಿರಲಿಲ್ಲ.

ತಂಡೇಲರು ಮಗನ ಮುಖ ನೋಡಿದರು. "ಉಳಿದ ಅರವತ್ತೆರಡು ಲಕ್ಷ ಯಾರು ತಿಂದ್ರು ಮಾರಾಯಾ?"

ಅರವತ್ತೆರಡು ಲಕ್ಷ ಎಲ್ಲಿ ಹೋಯಿತು

ಅದನ್ನು ಹುಡುಕಲು ಲ್ಯಾಪ್‌ಟಾಪ್ ತೆಗೆದೆವು. ಹುಡುಗನ ಚಾನೆಲಿನಲ್ಲಿ ದೊಡ್ಡದಾಗಿ ಓಡಿದ್ದು ಎರಡೇ ವಿಡಿಯೋ. ಉಳಿದವು ನಲವತ್ತು ಚಿಲ್ಲರೆ, ಸಣ್ಣ ಸಣ್ಣವು.

ಒಂದು, ಜನವರಿಯಲ್ಲಿ ಹಾಕಿದ ಯಕ್ಷಗಾನದ ತುಣುಕು. ಬಯಲಾಟದಲ್ಲಿ ಬಣ್ಣದ ವೇಷ ಸಭೆಯ ನಡುವಿನಿಂದ ಬರುವಾಗ ಒಂದು ಮಗು ಹೆದರಿ ಅಜ್ಜಿಯ ಸೆರಗಿನೊಳಗೆ ಹೋಗುವ ದೃಶ್ಯ. ಇವನೇ ಚಾಪೆಯ ಮೇಲೆ ಕೂತು ತೆಗೆದದ್ದು. ಅದಕ್ಕೆ 31 ಲಕ್ಷ. ಆದರೆ ಅದು ಓಡಿದ್ದು ಜನವರಿ, ಫೆಬ್ರವರಿಯಲ್ಲಿ. ನಾವು ಕೂತದ್ದು ಜೂನ್ 18ಕ್ಕೆ. ಅಲ್ಲಿಂದ 90 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 20 ಬರುತ್ತದೆ. ಅದಕ್ಕಿಂತ ಮೊದಲು ಬಂದದ್ದೆಲ್ಲ ಲೆಕ್ಕದ ಹೊರಗೆ. ಮಾರ್ಚ್ 20ರ ನಂತರ ಆ ವಿಡಿಯೋ ನೋಡಿದ್ದು ಒಂದು ಲಕ್ಷ ಸಲ ಮಾತ್ರ. ಅಲ್ಲಿಗೇ 30 ಲಕ್ಷ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಿಡಿಯೋ ಯಾವತ್ತು ಹಾಕಿದ್ದು ಎಂಬುದನ್ನು ಯೂಟ್ಯೂಬ್ ನೋಡುವುದಿಲ್ಲ, ಜನ ಯಾವತ್ತು ನೋಡಿದರು ಎಂಬುದನ್ನು ನೋಡುತ್ತದೆ. ಎರಡು ವರ್ಷ ಹಳೆಯ ಶಾರ್ಟ್ಸ್ ಈ ತಿಂಗಳು ಮತ್ತೆ ಓಡಿದರೆ ಆ ವ್ಯೂಸ್ ಸೇರುತ್ತದೆ. ಜನವರಿಯಲ್ಲಿ ಬಂದ ವ್ಯೂಸ್ ಮಾತ್ರ ಜೂನಿನಲ್ಲಿ ಸೇರುವುದಿಲ್ಲ.

ಎರಡನೆಯದು, ಏಪ್ರಿಲ್ 5ರಂದು ಹಾಕಿದ ಬಲೆಯ ವಿಡಿಯೋ. ಬೆಳಗಿನ ಜಾವ, ಬೋಟಿನ ಪಕ್ಕಕ್ಕೆ ಬಲೆ ಬಂದಾಗ ಬಂಗಡೆ ಬೆಳ್ಳಿಯ ಹಾಗೆ ಸಿಡಿಯುವುದು. ಇಪ್ಪತ್ತೆರಡು ಸೆಕೆಂಡ್. ಇದಕ್ಕೆ ಮೇಲ್ಗಡೆ ಕಾಣುವ ಅಂಕಿ 58 ಲಕ್ಷ. ಇದಂತೂ 90 ದಿನದ ಒಳಗೇ ಇದೆ. ಆದರೂ ಪೂರ್ತಿ ಸೇರಿರಲಿಲ್ಲ.

ಇದಕ್ಕೆ ಕಾರಣ ಬಹಳ ಜನರಿಗೆ ಗೊತ್ತಿಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್ ವ್ಯೂಸ್ ಎಣಿಸುವ ರೀತಿ ಬದಲಾಯಿಸಿತು. ಈಗ ವಿಡಿಯೋ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಅದೇ ವಿಡಿಯೋ ಮತ್ತೆ ತಿರುಗಿ ಶುರುವಾದರೆ ಇನ್ನೊಂದು. ಬೆರಳು ಸರಿಸಿ ಕ್ಷಣದಲ್ಲೇ ದಾಟಿ ಹೋದವನೂ ಲೆಕ್ಕಕ್ಕೆ ಬರುತ್ತಾನೆ. ಅದಕ್ಕೇ ಆ ದಿನದ ನಂತರ ಎಲ್ಲರ ಶಾರ್ಟ್ಸ್‌ನಲ್ಲೂ ಅಂಕಿ ಉಬ್ಬಿತು. ಆದರೆ ಅರ್ಹತೆಗೂ ಹಣಕ್ಕೂ ಹಳೆಯ ಎಣಿಕೆಯನ್ನೇ ಇಟ್ಟುಕೊಂಡರು. ಹಾಗೆ ದಾಟಿ ಹೋಗದೆ ನಿಂತು ನೋಡಿದ್ದನ್ನು ಮಾತ್ರ ಹಿಡಿಯುವ ಎಣಿಕೆ ಅದು. ಅದರ ಹೆಸರು Engaged views. ಕಂಪ್ಯೂಟರಿನಲ್ಲಿ Studio ತೆರೆದು, ಅನಾಲಿಟಿಕ್ಸ್‌ನ Advanced mode ಗೆ ಹೋದರೆ ಅದು ಸಿಗುತ್ತದೆ.

ಹುಡುಗನ ಬಲೆಯ ವಿಡಿಯೋಗೆ ಅಲ್ಲಿ ಕಂಡದ್ದು 36 ಲಕ್ಷ. ಮೇಲಿನ 58ಕ್ಕೂ ಇದಕ್ಕೂ 22 ಲಕ್ಷ ವ್ಯತ್ಯಾಸ. ಮೀನು ಮಾರುಕಟ್ಟೆಗೆ ಬಂದು ಬುಟ್ಟಿ ನೋಡಿ ಹೋದವರನ್ನೂ ಎಣಿಸಿದರೆ 58, ಬಗ್ಗಿ ಕಿವಿರು ಎತ್ತಿ ನೋಡಿದವರು 36 ಎಂದು ತಂಡೇಲರಿಗೆ ಹೇಳಿದೆವು. ಅವರಿಗೆ ತಕ್ಷಣ ಅರ್ಥವಾಯಿತು.

ಉಳಿದ ಸಣ್ಣ ವಿಡಿಯೋಗಳೆಲ್ಲ ಸೇರಿ ಮೇಲೆ 19 ಲಕ್ಷ ಕಾಣುತ್ತಿತ್ತು. ಹಳೆಯ ದಿನಗಳದ್ದನ್ನೂ, ದಾಟಿ ಹೋದವರನ್ನೂ ತೆಗೆದರೆ 9 ಲಕ್ಷ. ಒಂದು, ಮೂವತ್ತಾರು, ಒಂಬತ್ತು. ಒಟ್ಟು 46 ಲಕ್ಷ. ಗೆರೆ ತೋರಿಸಿದ್ದೂ ಅಷ್ಟನ್ನೇ. ಎರಡು ಪುಟಗಳು ಒಂದೇ ಹೊತ್ತಿಗೆ ಬದಲಾಗುವುದಿಲ್ಲವಾದ್ದರಿಂದ ಸಾವಿರಗಳಲ್ಲಿ ಹೆಚ್ಚು ಕಡಿಮೆ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನೂ ಎರಡು ರೀತಿಯಲ್ಲಿ ಅಂಕಿ ಕಳೆಯುತ್ತದೆ. ವಿಡಿಯೋ ಡಿಲೀಟ್ ಮಾಡಿದರೆ ಅಥವಾ ಪ್ರೈವೇಟ್ ಮಾಡಿದರೆ ಅದು ಸಾರ್ವಜನಿಕ ಅಲ್ಲ, ಅದರ ವ್ಯೂಸ್ ಗೆರೆಯಿಂದ ಇಳಿದುಹೋಗುತ್ತದೆ. ಮತ್ತೊಂದು, ಕೊಂಡುಕೊಂಡ ವ್ಯೂಸ್. ಕುಮಟಾದಲ್ಲಿ ನಮಗೆ ಗೊತ್ತಿರುವ ಒಬ್ಬ ಅಂಗಡಿಯವರಿಗೆ ವಾಟ್ಸಾಪಿನಲ್ಲಿ ಯಾರೋ ಐದು ಸಾವಿರಕ್ಕೆ ಲಕ್ಷಗಟ್ಟಲೆ ವ್ಯೂಸ್ ಕೊಡುತ್ತೇವೆ ಎಂದರು. ಇವರು ಹಣ ಕಳಿಸಿದರು. ವಿಡಿಯೋದ ಮೇಲೆ ಅಂಕಿ ಏರಿತು, Earn ಪುಟದ ಗೆರೆ ಅಲ್ಲಾಡಲಿಲ್ಲ. ನಿಯಮದಲ್ಲಿ ಸಿಂಧುವಾದ ಎಂಬ ಶಬ್ದ ಇರುವುದು ಇದಕ್ಕೇ. ಅಂಥ ವ್ಯೂಸ್‌ನಿಂದ ಚಾನೆಲ್ಲಿಗೇ ಕುತ್ತು ಬರಬಹುದು.

ಸರಿಯುವ 90 ದಿನ

"ಹಾಗಾದ್ರೆ ಇನ್ನು ಐವತ್ತನಾಲ್ಕು ಲಕ್ಷ ಬೇಕು. ಆಗಸ್ಟಿಗೆ ಬೋಟು ಇಳಿದ ಮೇಲೆ ಇಂಥದೇ ಇನ್ನೆರಡು ವಿಡಿಯೋ ಹಾಕಿದ್ರೆ ಆಯ್ತಲ್ಲ?" ಎಂದ ಹುಡುಗ.

ನಿಜವಾದ ತೊಡಕು ಇಲ್ಲೇ ಇತ್ತು. 46 ಲಕ್ಷ ಆಗಸ್ಟಿನವರೆಗೆ ಕಾದುಕೊಂಡು ಕೂತಿರುವುದಿಲ್ಲ.

ಈ 90 ದಿನ ಎನ್ನುವುದು ಒಂದು ತಾರೀಕಿಗೆ ಶುರುವಾಗಿ ಇನ್ನೊಂದು ತಾರೀಕಿಗೆ ಮುಗಿಯುವ ಅವಧಿಯಲ್ಲ. ದಿನವೂ ಮುಂದೆ ಸರಿಯುತ್ತದೆ. ಈ ತುದಿಯಲ್ಲಿ ಇಂದಿನ ವ್ಯೂಸ್ ಒಳಗೆ ಬಂದರೆ ಆ ತುದಿಯಲ್ಲಿ 91ನೇ ದಿನದ್ದು ಹೊರಗೆ ಬೀಳುತ್ತದೆ. ಹೊರಗೆ ಬೀಳುವುದು ಒಳಗೆ ಬರುವುದಕ್ಕಿಂತ ಹೆಚ್ಚಾದ ದಿನ ಗೆರೆ ಹಿಂದಕ್ಕೆ ಹೋಗುತ್ತದೆ. ಯಾರೋ ಕದ್ದರು, ಯೂಟ್ಯೂಬ್ ಕಡಿಮೆ ಮಾಡಿತು ಎಂದು ಜನ ಹೇಳುವುದು ಇದನ್ನೇ.

ಅವನ ಬಲೆಯ ವಿಡಿಯೋದ ದಿನದಿನದ ಗೆರೆಯನ್ನು ಅನಾಲಿಟಿಕ್ಸ್‌ನಲ್ಲಿ ತೆಗೆದೆವು. ಮೊದಲು ತೆರೆದಾಗ ಅದು 28 ದಿನದ್ದನ್ನು ತೋರಿಸುತ್ತದೆ, ಮೇಲೆ ಒತ್ತಿ 90 ದಿನಕ್ಕೆ ಬದಲಾಯಿಸಬೇಕು. ಗೆರೆ ಏಪ್ರಿಲ್ 5ರಿಂದ ಗುಡ್ಡದ ಹಾಗೆ ಎದ್ದು, 17ರ ಹೊತ್ತಿಗೆ ನೆಲಕ್ಕೆ ಇಳಿದಿತ್ತು. 36 ಲಕ್ಷದಲ್ಲಿ 30 ಲಕ್ಷ ಆ ಹದಿಮೂರು ದಿನದ್ದೇ.

ಈಗ ಕ್ಯಾಲೆಂಡರ್ ಹಿಡಿದೆವು. ಏಪ್ರಿಲ್ 5ಕ್ಕೆ 90 ದಿನ ಕೂಡಿಸಿದರೆ ಜುಲೈ 4. ಏಪ್ರಿಲ್ 17ಕ್ಕೆ ಕೂಡಿಸಿದರೆ ಜುಲೈ 16. ಅಂದರೆ ಜುಲೈ ಮೊದಲ ವಾರದಿಂದ ಆ ಗುಡ್ಡ ಕುಸಿಯಲು ಶುರುವಾಗಿ ಎರಡು ವಾರದಲ್ಲಿ 30 ಲಕ್ಷವೂ ಹೊರಗೆ. ಒಳಗೆ ಬರುವುದೆಷ್ಟು? ಮಳೆಗಾಲದಲ್ಲಿ ಅವನ ಚಾನೆಲ್ಲಿಗೆ ದಿನಕ್ಕೆ ಹದಿನೈದು ಸಾವಿರ ಬರುತ್ತಿತ್ತು. ನಾಲ್ಕು ವಾರಕ್ಕೆ ನಾಲ್ಕು ಲಕ್ಷ. 46ರಲ್ಲಿ 30 ಕಳೆದು 4 ಕೂಡಿಸಿದರೆ ಇಪ್ಪತ್ತು. ಹಳೆಯ ಸಣ್ಣವೂ ಬಿದ್ದುಹೋಗುವುದರಿಂದ ಅದಕ್ಕಿಂತ ಕಡಿಮೆಯೇ. ಬೋಟು ಮತ್ತೆ ಕಡಲಿಗೆ ಇಳಿಯುವ ಆಗಸ್ಟ್ 1ಕ್ಕೆ ಅವನು ಶುರು ಮಾಡಬೇಕಾದದ್ದು 46ರಿಂದ ಅಲ್ಲ, ಹದಿನೇಳು ಹದಿನೆಂಟು ಲಕ್ಷದಿಂದ.

ಕೋಟಿಯನ್ನು ತೊಂಬತ್ತರಿಂದ ಭಾಗಿಸಿದರೆ ದಿನಕ್ಕೆ 1,11,111. ಮೂರು ತಿಂಗಳು, ದಿನ ತಪ್ಪದೆ, ನಿಂತು ನೋಡಿದವರು ಇಷ್ಟು. ಅಥವಾ ಬಲೆಯ ವಿಡಿಯೋದಂಥದ್ದು 90 ದಿನದೊಳಗೆ ಮೂರು. ಒಂದು ಓಡಿ, ನಾಲ್ಕು ತಿಂಗಳು ಬಿಟ್ಟು ಇನ್ನೊಂದು ಓಡಿದರೆ ಅವು ಕೂಡುವುದೇ ಇಲ್ಲ. ನಮ್ಮ ಕಡೆ ಯಕ್ಷಗಾನಕ್ಕೆ ಒಂದು ಕಾಲ, ಮೀನಿಗೆ ಒಂದು ಕಾಲ, ಅಪ್ಸರಕೊಂಡದ ನೀರಿಗೆ ಒಂದು ಕಾಲ. ಕಾಲಕ್ಕೆ ತಕ್ಕಂತೆ ವಿಡಿಯೋ ಮಾಡುವವರಿಗೆ ಈ ನಿಯಮ ಹೊಡೆಯುವುದು ಇಲ್ಲೇ.

ಕೈಯಲ್ಲಿದ್ದ ಇನ್ನೊಂದು ಬಾಗಿಲು

ಆದರೆ ಲೆಕ್ಕ ಹಾಕುವಾಗ ಒಂದು ಒಳ್ಳೆಯ ಸಂಗತಿಯೂ ಕಂಡಿತು, ಅದಕ್ಕೆ ಅವಸರವೂ ಇತ್ತು.

ಕೋಟಿಯ ಮೆಟ್ಟಿಲಿಗಿಂತ ಕೆಳಗೆ ಒಂದು ಸಣ್ಣ ಮೆಟ್ಟಿಲಿದೆ. 500 ಸಬ್‌ಸ್ಕ್ರೈಬರ್, ಕಳೆದ 90 ದಿನದಲ್ಲಿ ಮೂರು ಸಾರ್ವಜನಿಕ ಅಪ್‌ಲೋಡ್, ಮತ್ತು 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂಸ್ ಇದ್ದರೆ ಯೂಟ್ಯೂಬಿನ ಪಾಲುದಾರ ಯೋಜನೆಗೆ ಸೇರಲು ಅರ್ಜಿ ಹಾಕಬಹುದು. ಅದರಲ್ಲಿ ಜಾಹೀರಾತಿನ ಪಾಲು ಇಲ್ಲ. ನೋಡುವವರು ಮೆಚ್ಚಿ ಕೊಡುವ ಸೂಪರ್ ಥ್ಯಾಂಕ್ಸ್, ಚಾನೆಲ್ ಸದಸ್ಯತ್ವ ಇಂಥವು ಮಾತ್ರ. ಬಯಲಾಟದಲ್ಲಿ ವೇಷಕ್ಕೆ ನೋಟಿನ ಹಾರ ಹಾಕಿದ ಹಾಗೆ ಅಂದುಕೊಳ್ಳಿ, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಜೂನ್ 18ಕ್ಕೆ ಹುಡುಗನ ಹತ್ತಿರ 46 ಲಕ್ಷ ಇತ್ತು. ಈ ಮೆಟ್ಟಿಲು ಅವನು ಏಪ್ರಿಲಿನಲ್ಲೇ ದಾಟಿದ್ದ. ಎರಡು ತಿಂಗಳಿಂದ ಆ ಬಟನ್ Earn ಪುಟದಲ್ಲೇ ಕೂತಿತ್ತು. ಇವನು ಕೋಟಿಯ ಬಟನ್ ಹುಡುಕುತ್ತ ಆ ಪುಟವನ್ನೇ ತೆರೆದಿರಲಿಲ್ಲ. ಜುಲೈ ಎರಡನೇ ವಾರದಲ್ಲಿ 30 ಲಕ್ಷಕ್ಕಿಂತ ಕೆಳಗಿಳಿದರೆ ಬಟನ್ ಹೋಗುತ್ತದೆ.

ಜಾಹೀರಾತಿನ ಹಣ ಬರದಿದ್ದರೆ ಇದರಿಂದ ಏನು ಲಾಭ ಎಂದು ಅವನು ಕೇಳಿದ. ಲಾಭ ಎರಡು. ಚಾನೆಲಿನ ಪರಿಶೀಲನೆ ಈಗಲೇ ಆಗಿಬಿಡುತ್ತದೆ. ಮುಂದೆ ಕೋಟಿ ಮುಟ್ಟಿದ ದಿನ ಹೊಸ ಒಪ್ಪಂದಕ್ಕೆ ಒಪ್ಪಿದರೆ ಆಯಿತು. ಇನ್ನೊಂದು, ಒಮ್ಮೆ ಒಳಗೆ ಸೇರಿದ ಮೇಲೆ 90 ದಿನದ ಅಂಕಿ ಇಳಿಯಿತು ಎಂಬ ಒಂದೇ ಕಾರಣಕ್ಕೆ ತಾನಾಗಿ ಹೊರಹಾಕುವುದಿಲ್ಲ. ಆರು ತಿಂಗಳು ಏನೂ ಹಾಕದೆ ಚಾನೆಲ್ ಮಲಗಿದರೆ ಮಾತ್ರ ತೆಗೆಯಬಹುದು.

ಪರಿಶೀಲನೆ ಎಂದಾಗ ಅವನ ಚಾನೆಲನ್ನು ಮೇಲಿಂದ ಕೆಳಗೆ ನೋಡಿದೆವು. ಅಲ್ಲಿ ನಾಲ್ಕು ವಿಡಿಯೋ ಅವನದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ವಾಟ್ಸಾಪಿನಲ್ಲಿ ಬಂದ ತುಣುಕುಗಳು. ಆಗ ನಮ್ಮ ಜಿಲ್ಲೆಯಲ್ಲಿ ನೂರಾರು ಜನ ಹಾಕಿದ ಹಾಗೆ ಇವನೂ ಹಾಕಿದ್ದ. ಬೇರೆಯವರು ತೆಗೆದದ್ದನ್ನು ಹಾಗೆಯೇ ಎತ್ತಿ ಹಾಕಿದರೆ ಅದರ ವ್ಯೂಸ್‌ಗೆ ಹಣ ಇಲ್ಲ, ಮತ್ತು ಅರ್ಜಿ ನೋಡುವವರು ಅದೇ ಕಾರಣಕ್ಕೆ ಇಡೀ ಚಾನೆಲನ್ನು ತಿರಸ್ಕರಿಸಬಹುದು. ಮೊದಲ ಸಲ ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಲು 30 ದಿನ ಕಾಯಬೇಕು. ಅವನಿಗೆ ಆ 30 ದಿನ ಇರಲಿಲ್ಲ, ಅಷ್ಟರಲ್ಲಿ ಗುಡ್ಡ ಕುಸಿದಿರುತ್ತದೆ. ಆ ನಾಲ್ಕನ್ನೂ ಅಲ್ಲೇ ಡಿಲೀಟ್ ಮಾಡಿದ. ಅವಕ್ಕೆ ಈಚೆಗೆ ವ್ಯೂಸ್ ಇರಲಿಲ್ಲ, ಗೆರೆಯಲ್ಲಿ ಏನೂ ಇಳಿಯಲಿಲ್ಲ.

ಜೂನ್ 21ರಂದು ಎರಡು ಹಂತದ ಪಾಸ್‌ವರ್ಡ್ ಭದ್ರತೆ ಹಾಕಿ, ಒಪ್ಪಂದ ಒಪ್ಪಿ, ಆ್ಯಡ್‌ಸೆನ್ಸ್ ಖಾತೆ ಜೋಡಿಸಿ ಅರ್ಜಿ ಹಾಕಿದ. ಸಾಮಾನ್ಯವಾಗಿ ಒಂದು ತಿಂಗಳು ಎನ್ನುತ್ತಾರೆ. ಅವನಿಗೆ ಮೂರು ವಾರದಲ್ಲಿ ಒಪ್ಪಿಗೆ ಬಂತು.

ಸಹಿ

ಇನ್ನು ಸಾಲದ ಮಾತು. ತಂಡೇಲರು ಕೇಳಿದ್ದು ಒಂದೇ ಪ್ರಶ್ನೆ. "ಕೋಟಿ ಆದ್ರೆ ಎಷ್ಟು ಬರ್ತದೆ?"

ನಾವು ಹೇಳಿದೆವು: ಆ ಕೋಟಿಗೆ ಏನೂ ಬರುವುದಿಲ್ಲ.

ಅವರು ನಂಬಲಿಲ್ಲ. ಆದರೆ ನಿಯಮ ಹಾಗೇ ಇದೆ. ಜಾಹೀರಾತಿನ ಪಾಲು ಶುರುವಾಗುವುದು ಅರ್ಹತೆ ಸಿಕ್ಕಿ, ಶಾರ್ಟ್ಸ್‌ನ ಒಪ್ಪಂದಕ್ಕೆ ಒಪ್ಪಿದ ದಿನದಿಂದ. ಅದಕ್ಕೆ ಮೊದಲಿನ ವ್ಯೂಸ್‌ಗೆ ಹಿಂದಿನ ಬಾಕಿ ಎಂದು ಏನನ್ನೂ ಕೊಡುವುದಿಲ್ಲ. ಬಾಗಿಲು ತೆರೆಸುವ ಕೋಟಿ ಬೇರೆ, ಹಣ ತರುವ ವ್ಯೂಸ್ ಬೇರೆ. ಅದೂ ಹೇಗೆ ಬರುತ್ತದೆ? ಶಾರ್ಟ್ಸ್‌ಗಳ ನಡುವೆ ಬರುವ ಜಾಹೀರಾತಿನ ಹಣವನ್ನೆಲ್ಲ ಒಟ್ಟು ಮಾಡಿ, ಹಾಡು ಬಳಸಿದ ವಿಡಿಯೋ ಇದ್ದರೆ ಅದರಿಂದ ಹಾಡಿನವರ ಭಾಗ ತೆಗೆದು, ಉಳಿದದ್ದನ್ನು ಆ ದೇಶದಲ್ಲಿ ಯಾರಿಗೆ ಎಷ್ಟು ವ್ಯೂಸ್ ಎಂದು ಹಂಚಿ, ಹಾಗೆ ಹಂಚಿ ಬಂದದ್ದರಲ್ಲಿ ನೂರಕ್ಕೆ 45 ನಿಮಗೆ. ಬೋಟಿನಲ್ಲಿ ಡೀಸೆಲ್ ಕಳೆದು ಪಾಲು ಹಾಕಿದ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ದಕ್ಕೆಯ ಮೇಲೆ ನಿಂತು ಮೀನು ತೂಗುವುದನ್ನು ನಾವು ನೋಡಲಾಗುವುದಿಲ್ಲ. ತಿಂಗಳಿಗೆ ಇಷ್ಟು ಎಂದು ಯಾರೂ ಬರೆದು ಕೊಡುವುದಿಲ್ಲ. ಸೊಸೈಟಿಯ ಕಂತು ಮಾತ್ರ ತಿಂಗಳಿಗೆ ಇಷ್ಟು ಎಂದು ಬರೆದೇ ಇರುತ್ತದೆ.

ತಂಡೇಲರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಈಗ ಬೇಡ" ಎಂದು ಮಗನಿಗೆ ಹೇಳಿದರು. ಹುಡುಗನ ಮುಖ ಸಣ್ಣದಾಯಿತು. ನಮಗೂ ಬೇಜಾರಾಯಿತು. ಮೈಕ್ ತೆಗೆದುಕೊಂಡ ವರ್ಷ ನಮಗೆ ಹೀಗೆ ಹೇಳುವವರು ಯಾರೂ ಸಿಗಲಿಲ್ಲವಲ್ಲ ಎಂದೂ ಅನ್ನಿಸಿತು.

ಜುಲೈ 20ಕ್ಕೆ ಹುಡುಗ ನಮಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ. Earn ಪುಟದಲ್ಲಿ ಶಾರ್ಟ್ಸ್ ವ್ಯೂಸ್ 17 ಲಕ್ಷ. ಸಾಲ ಮಾಡಿದ್ದರೆ ಎರಡನೇ ಕಂತಿನ ಹೊತ್ತಿಗೆ ಅವನು ಈ ಅಂಕಿ ನೋಡುತ್ತಿದ್ದ.

ಆಗಸ್ಟಿನಲ್ಲಿ ಬೋಟು ಇಳಿಯಿತು. ರಜೆ ಇದ್ದ ದಿನ ಅವನು ಅಪ್ಪನ ಜೊತೆ ಹಳೆಯ ಫೋನಿನಲ್ಲೇ ತೆಗೆಯುತ್ತಾನೆ. ಮಂಗಳೂರಿನ ಯಾರೋ ಒಬ್ಬರು ಸೂಪರ್ ಥ್ಯಾಂಕ್ಸ್‌ನಲ್ಲಿ ನೂರು ರೂಪಾಯಿ ಕೊಟ್ಟರು, ಅದನ್ನು ಮನೆಯಲ್ಲಿ ಎಲ್ಲರಿಗೂ ತೋರಿಸಿದನಂತೆ. ಅದರಲ್ಲೂ ಯೂಟ್ಯೂಬ್ ತನ್ನ ಪಾಲು ಹಿಡಿಯುತ್ತದೆ ಎಂದು ನಾವು ಹೇಳಿದಾಗ ನಕ್ಕ. ಪ್ರತಿ ಭಾನುವಾರ ಅಪ್ಪನ ಮೀನಿನ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು ಹಾಕಿ ಆ ಪುಟದ ಅಂಕಿ ಬರೆಯುತ್ತಾನೆ. ಪಕ್ಕದಲ್ಲೇ ಮುಂದಿನ ವಾರ ಹೊರಗೆ ಬೀಳುವುದೆಷ್ಟು ಎಂದೂ ಬರೆಯುತ್ತಾನೆ. ನಾವು ಕೊನೆಯ ಸಲ ನೋಡಿದಾಗ ಅದು 24 ಲಕ್ಷ ಇತ್ತು, ಆ ವಾರ ಒಂದು ಲಕ್ಷ ಬೀಳುವುದಿತ್ತು.

ನಿಮ್ಮ ಮನೆಯಲ್ಲೂ ಯಾರಾದರೂ ಲಕ್ಷ, ಕೋಟಿ ಎಂದು ಹೇಳುತ್ತಿದ್ದರೆ, ಫೋನ್ ಕೇಳಿ ತೆಗೆದುಕೊಂಡು Earn ಒತ್ತಿ ನೋಡಿ. ಅಲ್ಲಿನ ಅಂಕಿ ಬರೆದಿಟ್ಟುಕೊಳ್ಳಿ. ಎರಡು ವಾರ ಬಿಟ್ಟು ಮತ್ತೆ ನೋಡಿ. ಸಹಿ ಹಾಕುವ ವಿಚಾರ ಆಮೇಲೆ ಮಾಡಿದರಾಯಿತು.